ಬೇಕರಿ ಕೌಂಟರಿನ ಫೋಟೋ ನೋಡಿ ಕಡಲೆಬೀಜ ಅಲರ್ಜಿ ಇರುವ ಮಗುವಿಗೆ ತಿಂಡಿ ಆರಿಸಬಹುದೇ?

"ನನ್ನ ಮಗನಿಗೆ ಆರು ವರ್ಷ, ಕಡಲೆಬೀಜ ಆಗಲ್ಲ. ಭಾನುವಾರ ಮಂಡ್ಯದಲ್ಲಿ ನಾದಿನಿ ಮನೆಯಲ್ಲಿ ಅವಳ ಮಗಳ ಹುಟ್ಟುಹಬ್ಬ. ತಿಂಡಿ ತರುವ ಬೇಕರಿಯ ಕೌಂಟರ್ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದಾಳೆ, ಕೆಳಗೆ ಹಾಕಿದ್ದೀನಿ. ಬೆಣ್ಣೆ ಬಿಸ್ಕತ್ತು, ರಸ್ಕ್, ದಿಲ್‌ಪಸಂದ್ ಇವುಗಳಲ್ಲಿ ಕಡಲೆಬೀಜ ಇರಲ್ಲ ತಾನೇ? ಯಾವುದು ಕೊಡಬಹುದು?"

ಈ ಅಂಗಡಿಯಿಂದ ಬಿಡಿಯಾಗಿ ತಂದರೆ ಮೂರನ್ನೂ ಕೊಡಬೇಡಿ. ಮೂರರಲ್ಲೂ ಕಡಲೆಬೀಜ ಹಾಕುವುದಿಲ್ಲ, ಅದು ನಿಜ. ಆದರೆ ಹಾಕದೆಯೂ ಅದು ಹೇಗೆ ಬಂದು ಸೇರುತ್ತದೆ ಅನ್ನುವುದು ನಿಮ್ಮ ಫೋಟೋದಲ್ಲೇ ಅರ್ಧ ಕಾಣುತ್ತಿದೆ. ಉಳಿದರ್ಧ ಯಾವ ಫೋಟೋದಲ್ಲೂ ಕಾಣುವುದಿಲ್ಲ.

ನಾನು ಮೈಸೂರಿನ ಒಂದು ಬೇಕರಿಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವನು. ಮೊದಲು ಕೌಂಟರಿನಲ್ಲಿದ್ದೆ, ಆಮೇಲೆ ಒಳಗೆ ಓವನ್ ಹತ್ತಿರ. ನನ್ನ ತಂಗಿಯ ಮಗಳಿಗೂ ಕಡಲೆಬೀಜ ಆಗುವುದಿಲ್ಲ. ಒಂದು ಸಂಜೆ ನಾನೇ ನಮ್ಮ ಅಂಗಡಿಯಿಂದ ಕಾಲು ಕೆಜಿ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಹೋದೆ. ಮೈದಾ, ಸಕ್ಕರೆ, ಬೆಣ್ಣೆ, ಡಾಲ್ಡಾ ಬಿಟ್ಟು ಅದರಲ್ಲಿ ಬೇರೇನೂ ಇಲ್ಲ ಅಂತ ನನಗೆ ಗೊತ್ತಿತ್ತು, ಹಿಟ್ಟು ಕಲಸಿದ್ದೇ ನಾನು. ಎರಡನೇ ಬಿಸ್ಕತ್ತು ತಿನ್ನುತ್ತಲೇ "ಮಾವ, ನಾಲಿಗೆ ತುರಿಸುತ್ತೆ" ಅಂದಳು. ಹತ್ತು ನಿಮಿಷದಲ್ಲಿ ಕೆಳತುಟಿ ಊದಿತು, ಕುತ್ತಿಗೆ ತುಂಬಾ ದದ್ದು ಎದ್ದವು. ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಸರಿಹೋಯಿತು. ಮಾರನೇ ದಿನ ಅಂಗಡಿಗೆ ಹೋಗಿ ಒಂದೊಂದಾಗಿ ಹುಡುಕಿದೆ. ಕಾರಣ ತಕ್ಕಡಿಯ ತಟ್ಟೆ. ನನ್ನ ಬಿಸ್ಕತ್ತು ತೂಗುವ ಮುಂಚೆ ಹುಡುಗ ಯಾರಿಗೋ ಕಾಂಗ್ರೆಸ್ ಕಡಲೆಕಾಯಿ ತೂಗಿದ್ದ. ತಟ್ಟೆಯನ್ನು ಒಣ ಬಟ್ಟೆಯಲ್ಲಿ ಒಂದು ಸಲ ಒರೆಸಿ, ಅದರಲ್ಲೇ ಬಿಸ್ಕತ್ತು ಸುರಿದಿದ್ದ.

ಕಾಂಗ್ರೆಸ್ ಕಡಲೆಕಾಯಿ ಮಾಡುವ ರೀತಿ ಗೊತ್ತಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೀಜ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಎರಡು ಹೋಳು ಮಾಡಿ, ಬಿಸಿ ಎಣ್ಣೆಯಲ್ಲಿ ಅರಿಶಿನ, ಖಾರದ ಪುಡಿ, ಇಂಗು, ಕರಿಬೇವು ಹಾಕಿ ಕಲಸುತ್ತಾರೆ. ಹೋಳುಗಳು ಒಂದಕ್ಕೊಂದು ಉಜ್ಜಿ ಉದುರುವ ಹಿಟ್ಟು ಆ ಎಣ್ಣೆಯ ಜೊತೆ ಸೇರಿ ಸ್ಟೀಲಿನ ಮೇಲೆ ತೆಳ್ಳಗೆ ಅಂಟಿಕೊಳ್ಳುತ್ತದೆ. ಒಣ ಬಟ್ಟೆಗೆ ಅದು ಹೋಗುವುದಿಲ್ಲ, ಇನ್ನಷ್ಟು ಅಗಲಕ್ಕೆ ಹರಡುತ್ತದೆ. ಆ ಬಟ್ಟೆಯಲ್ಲಿ ಒರೆಸಿದ ಕಡೆಗೆಲ್ಲ ಅದೂ ಹೋಗುತ್ತದೆ.

ಈಗ ನಿಮ್ಮ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಬಲಗಡೆ ತಕ್ಕಡಿಯ ತಟ್ಟೆಯ ಅಂಚಿನಲ್ಲಿ ಹಳದಿ ಕಲೆ ಇದೆ. ನಿಪ್ಪಟ್ಟಿನ ಟ್ರೇಯಲ್ಲಿ ಇಟ್ಟಿರುವ ಇಕ್ಕಳದ ಹಲ್ಲಿನ ಮೇಲೂ ಅದೇ ಬಣ್ಣ. ಬೆಣ್ಣೆ ಬಿಸ್ಕತ್ತಿಗೆ ಅರಿಶಿನ ಹಾಕುವುದಿಲ್ಲ, ನಿಪ್ಪಟ್ಟಿಗೆ ಆ ಪಾಟಿ ಹಾಕುವುದಿಲ್ಲ. ಹಾಗಾದರೆ ಕಾಂಗ್ರೆಸ್ ಕಡಲೆಕಾಯಿಯನ್ನು ಮುಟ್ಟಿದ ಇಕ್ಕಳವೇ ನಿಪ್ಪಟ್ಟನ್ನೂ ಮುಟ್ಟಿದೆ. ಇಡೀ ಕೌಂಟರಿನಲ್ಲಿ ನನಗೆ ಕಂಡಿದ್ದು ಆ ಒಂದೇ ಇಕ್ಕಳ. ಅರಿಶಿನದ ಕಲೆ ಕಡಲೆಬೀಜ ಎಲ್ಲೆಲ್ಲಿ ಓಡಾಡಿದೆ ಅಂತ ತೋರಿಸಿಕೊಡುತ್ತದೆ, ಬೇಕರಿ ಫೋಟೋ ನೋಡುವಾಗ ನಾನು ಮೊದಲು ಹುಡುಕುವುದೇ ಅದನ್ನು. ಆದರೆ ಹಳದಿ ಇಲ್ಲದ ಕಡೆ ಕಡಲೆಬೀಜವೂ ಇಲ್ಲ ಅಂತ ದಯವಿಟ್ಟು ತಿಳಿಯಬೇಡಿ. ನಿಪ್ಪಟ್ಟಿನೊಳಗಿನ ಬೀಜಕ್ಕೆ ಬಣ್ಣವೇ ಇರುವುದಿಲ್ಲ.

ಇನ್ನು ಶೋಕೇಸಿನ ಅಟ್ಟಣೆ ನೋಡಿ. ಮೇಲಿನ ಹಲಗೆಯಲ್ಲಿ ನಿಪ್ಪಟ್ಟು, ಅದರ ಕೆಳಗೆ ಮುಚ್ಚಳವಿಲ್ಲದ ಟ್ರೇಯಲ್ಲಿ ದಿಲ್‌ಪಸಂದ್. ನಿಪ್ಪಟ್ಟು ಎತ್ತಿದಾಗಲೆಲ್ಲ ಅಂಚು ಮುರಿದು ಚೂರು ಉದುರುತ್ತದೆ, ಬೀಳುವುದು ಕೆಳಗಿನ ಟ್ರೇಗೆ. ದಿಲ್‌ಪಸಂದ್ ಕೆಳಗಿನ ಕಾಗದದ ಮೇಲೆ ಕೆಂಪುಗಂದು ಬಣ್ಣದ ಸಣ್ಣ ಸಿಪ್ಪೆಯಂಥದ್ದು ಎರಡು ಕಾಣುತ್ತಿವೆ. ಕಡಲೆಬೀಜದ ಸಿಪ್ಪೆಯೇ ಅಂತ ಫೋಟೋ ನೋಡಿ ಆಣೆ ಮಾಡಲಾರೆ, ಆದರೆ ನನ್ನ ಮನೆಯ ಮಗುವಿಗಾದರೆ ಇಷ್ಟೇ ಸಾಕು, ಕೊಡುವುದಿಲ್ಲ. ಎಡಗಡೆ ಹಲಗೆಯ ಮೇಲೆ ಬನ್ ಕೊಯ್ಯುವ ಚಾಕು ಇದೆ. ಬೆಣ್ಣೆ ಸವರಿ ಕಾಂಗ್ರೆಸ್ ಕಡಲೆಕಾಯಿ ತುಂಬುವ ಬನ್ ಕೊಯ್ಯುವುದೂ ಅದರಲ್ಲೇ, ದಿಲ್‌ಪಸಂದನ್ನು ತ್ರಿಕೋನವಾಗಿ ಕೊಯ್ಯುವುದೂ ಸಾಮಾನ್ಯವಾಗಿ ಅದರಲ್ಲೇ.

ಇಷ್ಟು ಸಣ್ಣ ಚೂರಿಗೆ ಹೆದರಬೇಕಾ ಅಂತ ಮನೆಯಲ್ಲಿ ದೊಡ್ಡವರು ಕೇಳಿಯೇ ಕೇಳುತ್ತಾರೆ. ಅವರಿಗೆ ಹೀಗೆ ಹೇಳಿ. ಒಂದು ಕಡಲೆಬೀಜದಲ್ಲಿ ಸುಮಾರು 150ರಿಂದ 250 ಮಿಲಿಗ್ರಾಂ ಪ್ರೋಟೀನ್ ಇರುತ್ತದೆ. ಅಲರ್ಜಿ ತರುವುದು ಆ ಪ್ರೋಟೀನ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ, ಕೃಷಿ ಸಂಸ್ಥೆಯ ತಜ್ಞರ ಸಮಿತಿ ಕಡಲೆಬೀಜಕ್ಕೆ ಇಟ್ಟುಕೊಂಡಿರುವ ಅಳತೆ 2 ಮಿಲಿಗ್ರಾಂ ಪ್ರೋಟೀನ್. ಅಂದರೆ ಒಂದು ಬೀಜವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಲರ್ಜಿ ಇರುವ ಬಹಳ ಮಂದಿಗೆ ಅಷ್ಟರಲ್ಲಿ ಏನೂ ಆಗುವುದಿಲ್ಲ, ನೂರರಲ್ಲಿ ಐದು ಮಂದಿಯ ಹತ್ತಿರ ಆಗಬಹುದು ಅನ್ನುವ ಲೆಕ್ಕದ ಮೇಲೆ ಇಟ್ಟ ಗೆರೆ ಅದು. ನಿಮ್ಮ ಮಗ ಆ ಐದರಲ್ಲಿದ್ದಾನೋ ತೊಂಬತ್ತೈದರಲ್ಲಿದ್ದಾನೋ ಬೇಕರಿ ಬಿಸ್ಕತ್ತು ಕೊಟ್ಟು ಪರೀಕ್ಷೆ ಮಾಡುವ ಹಾಗಿಲ್ಲ. ಓವನ್ನಿನಲ್ಲಿ ಬೆಂದರೆ ಹೋಗುತ್ತದೆ ಅನ್ನುವವರೂ ಇದ್ದಾರೆ. ಹೋಗುವುದಿಲ್ಲ. ಹುರಿದ ಬೀಜದ ಪ್ರೋಟೀನೂ ಅಲರ್ಜಿ ತರುತ್ತದೆ.

ಫೋಟೋದಲ್ಲಿ ಕಾಣದ ಅರ್ಧ ಒಳಗಡೆಯದು. ನಿಮ್ಮ ಪಟ್ಟಿಯಲ್ಲಿ ನೋಡುವುದಕ್ಕೆ ಎಲ್ಲಕ್ಕಿಂತ ಪಾಪದ್ದು ರಸ್ಕ್. ಬ್ರೆಡ್ ಕೊಯ್ದು ಒಣಗಿಸಿದ್ದು, ಅದರಲ್ಲೇನಿರುತ್ತದೆ ಅನ್ನಿಸುತ್ತದೆ. ಕೌಂಟರಿನಲ್ಲಿ ಅದು ಗಾಜಿನ ಭರಣಿಯೊಳಗೆ ಮುಚ್ಚಳ ಹಾಕಿಕೊಂಡು ಕೂತಿದೆ, ಯಾವ ಚೂರೂ ಬೀಳುವ ಹಾಗಿಲ್ಲ. ನಾನು ಕೆಲಸ ಮಾಡಿದ ಕಡೆ ಕಡಲೆಬೀಜ ಹುರಿಯುತ್ತಿದ್ದದ್ದು ಓವನ್ನಿನಲ್ಲೇ, ಕಪ್ಪು ತಗಡಿನ ಟ್ರೇಯಲ್ಲಿ ಹರಡಿ. ಬೀಜ ಸುರಿದುಕೊಂಡ ಮೇಲೆ ಆ ಟ್ರೇಯನ್ನು ಸೆಣಬಿನ ಬಟ್ಟೆಯಲ್ಲಿ ಜಾಡಿಸಿ, ಅದರ ಮೇಲೆ ಬ್ರೆಡ್ ಹೋಳು ಜೋಡಿಸಿ ರಸ್ಕ್‌ಗೆ ಬಿಡುತ್ತಿದ್ದೆವು. ನಡುವೆ ಕಾಗದ ಕೂಡ ಇಲ್ಲ. ಟ್ರೇಯನ್ನು ಸೋಪು ಹಾಕಿ ತೊಳೆದರೆ ತುಕ್ಕು ಹಿಡಿಯುತ್ತದೆ, ಬ್ರೆಡ್ ಅಂಟುತ್ತದೆ ಅಂತ ತೊಳೆಯುತ್ತಲೂ ಇರಲಿಲ್ಲ. ಯಾರೂ ಮೋಸ ಮಾಡಲು ಮಾಡಿದ್ದಲ್ಲ, ಕೆಲಸದ ಪದ್ಧತಿಯೇ ಹಾಗಿತ್ತು. ದಿಲ್‌ಪಸಂದ್ ಹೂರಣಕ್ಕೆ ಕೊಬ್ಬರಿ, ಸಕ್ಕರೆ, ಟೂಟಿ ಫ್ರೂಟಿ ಜೊತೆ ಮಿಕ್ಕ ಬನ್ನು, ಕೇಕಿನ ಪುಡಿ ಸೇರಿಸುವ ಕಡೆಗಳೂ ಉಂಟು. ಆ ಮಿಕ್ಕದ್ದು ಯಾವ ಟ್ರೇಯಿಂದ ಬಂತು ಅಂತ ಮಾಡಿದವನಿಗೂ ನೆನಪಿರುವುದಿಲ್ಲ.

ನಾದಿನಿಗೆ ಫೋನ್ ಮಾಡಿ ಅಂಗಡಿಯಲ್ಲಿ ವಿಚಾರಿಸಲು ಹೇಳುತ್ತೀರಾದರೆ "ಇದರಲ್ಲಿ ಕಡಲೆಬೀಜ ಇದೆಯಾ" ಅಂತ ಕೇಳಿಸಬೇಡಿ. "ಇಲ್ಲ ಮೇಡಂ" ಅಂತಾರೆ, ಅದು ಸುಳ್ಳೂ ಅಲ್ಲ. "ಬೀಜ ಎಲ್ಲಿ ಹುರಿತೀರಿ, ಆ ಟ್ರೇಯಲ್ಲಿ ಮತ್ತೇನು ಬೇಯಿಸ್ತೀರಿ? ಬಿಸ್ಕತ್ತು ತೂಗೋ ತಟ್ಟೆಯಲ್ಲಿ ಕಡಲೆಕಾಯಿನೂ ತೂಗ್ತೀರಾ?" ಅಂತ ಕೇಳಲಿ. ಕೆಲಸದ ಬಗ್ಗೆ ಕೇಳಿದರೆ ಕೆಲಸದವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಸಂಜೆ ನಾಲ್ಕರ ಮೇಲೆ ಕಾಫಿ ಹೊತ್ತಿನ ನೂಕುನುಗ್ಗಲು, ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಹೋದರೆ ನಿಂತು ಮಾತಾಡುತ್ತಾರೆ. ಯಾವ ಎಣ್ಣೆ ಅಂತಲೂ ಕೇಳಲಿ. ರಿಫೈನ್ಡ್ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನ್ ಬಹುಮಟ್ಟಿಗೆ ಹೋಗಿರುತ್ತದೆ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ನಮ್ಮ ಕಡೆ ಈಗ ಗಾಣದ ಎಣ್ಣೆ ಒಳ್ಳೆಯದು ಅಂತ ಬಳಸುವವರು ಹೆಚ್ಚಾಗಿದ್ದಾರೆ, ನಿಮ್ಮ ಮಗನಿಗೆ ಮಾತ್ರ ಅದು ಬೇಡ.

ಅವನಿಗೆ ಅಂತ ಬೇರೆ ತರುವುದಾದರೆ ಕಂಪನಿಯ ಮುಚ್ಚಿದ ಪೊಟ್ಟಣ ತನ್ನಿ, ಫೋಟೋ ಬೇಕಿದ್ದರೆ ಅದರ ಹಿಂಬದಿಯದು ಕಳಿಸಲು ಹೇಳಿ. ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಲ್ಲಿ ಹಾಲು, ಮೊಟ್ಟೆ, ಗೋಧಿಯ ಗ್ಲುಟೆನ್, ಸೋಯಾ, ಕಡಲೆಬೀಜ, ಗೋಡಂಬಿಯಂಥ ಬೀಜಗಳು ಇದ್ದರೆ ಪೊಟ್ಟಣದ ಮೇಲೆ ಹೇಳಲೇಬೇಕು. ‘ಮೇ ಕಂಟೇನ್’ ಸಾಲಿನಲ್ಲಿ ಕಡಲೆಬೀಜದ ಹೆಸರಿದ್ದರೆ ಅದನ್ನೂ ಬಿಡಿ. ಬೇಕರಿಯವರೇ ಪ್ಲಾಸ್ಟಿಕ್ ಕವರಿಗೆ ಹಾಕಿ ಮೇಣದಬತ್ತಿಯಲ್ಲೋ ಸೀಲಿಂಗ್ ಯಂತ್ರದಲ್ಲೋ ಮುಚ್ಚಿದ ಬಿಸ್ಕತ್ತು ಈ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ತುಂಬಿದ್ದು ಅದೇ ಮೇಜಿನ ಮೇಲೆ, ಅದೇ ಕೈಯಲ್ಲಿ.

ಡಾಕ್ಟರು ಅಡ್ರಿನಲಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಜೊತೆಯಲ್ಲೇ ಇರಲಿ. ಉಸಿರು ಸುಯ್‌ಗುಟ್ಟಿದರೆ, ದನಿ ಬದಲಾದರೆ, ದದ್ದಿನ ಜೊತೆ ವಾಂತಿಯಾದರೆ ಅಥವಾ ಮಗು ಮಂಕಾಗಿ ಕುಸಿದರೆ ತಡಮಾಡದೆ ಅದನ್ನು ಕೊಟ್ಟು 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ. ಅಲರ್ಜಿಯ ಮಾತ್ರೆ, ಸಿರಪ್ಪು ತುರಿಕೆ ಇಳಿಸುತ್ತದೆ ಅಷ್ಟೇ, ಉಸಿರು ಕಟ್ಟುವುದನ್ನು ತಡೆಯುವುದಿಲ್ಲ. ಅದನ್ನು ಕೊಟ್ಟು ಕಾಯುತ್ತಾ ಕೂರಬೇಡಿ.

ಭಾನುವಾರಕ್ಕೆ ನಾದಿನಿಗೆ ಇನ್ನೊಂದು ಮಾತು ಹೇಳಿ. ಅವರು ತರುವ ನಿಪ್ಪಟ್ಟು, ಕಡಲೆಕಾಯಿ ಬನ್ ಬೇರೆ ಮೇಜಿಗೆ ಹೋಗಲಿ, ಅದನ್ನು ತಿಂದ ಮಕ್ಕಳು ಸೋಪು ನೀರಿನಲ್ಲಿ ಕೈ ತೊಳೆದುಕೊಂಡು ಆಮೇಲೆ ಆಟಕ್ಕೆ ಬರಲಿ. ಸ್ಯಾನಿಟೈಸರ್ ಹಚ್ಚಿದರೆ ಕಡಲೆಬೀಜದ ಪ್ರೋಟೀನ್ ಕೈಯಲ್ಲೇ ಉಳಿಯುತ್ತದೆ. ನಿಮ್ಮ ಮಗನ ಪೊಟ್ಟಣವನ್ನು ಅವನ ಮುಂದೆಯೇ ಒಡೆದು, ಮನೆಯಿಂದ ತಂದ ಡಬ್ಬಿಗೆ ಹಾಕಿ ಕೊಡಿ. ಎಲ್ಲರ ತಟ್ಟೆಗೂ ಕೈ ಹಾಕಿದ ಅತ್ತೆಯೋ ಚಿಕ್ಕಮ್ಮನೋ ಪ್ರೀತಿಯಿಂದ ಅದರೊಳಕ್ಕೆ ಇನ್ನೊಂದು ಬಿಸ್ಕತ್ತು ಹಾಕಲು ಬಂದರೆ, ನೀವು ಪಕ್ಕದಲ್ಲೇ ಇರಿ.