ಉದ್ದದ ತೀರ್ಪನ್ನು ಊರಿನವರಿಗೆ ತಿಳಿಸುವುದು ಹೇಗೆ?

ಪ್ರಶ್ನೆ: ನಮ್ಮೂರಿನ ಜಮೀನಿನ ಬಗ್ಗೆ ಹೈಕೋರ್ಟ್ ತೀರ್ಪು ಬಂದಿದೆ, 60 ಪುಟ. ಆದೇಶ ತಪ್ಪಾಗದಂತೆ ಸರಳ ಕನ್ನಡದಲ್ಲಿ ಹೇಗೆ ಬರೆಯಲಿ?

ಕೊನೆಯ ಪುಟದಿಂದ ಶುರು ಮಾಡಿ. ಆದೇಶದ ಭಾಗ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದನ್ನು ಸಂಕ್ಷೇಪಿಸಬೇಡಿ, ಒಂದೊಂದೇ ಸಾಲಾಗಿ ಪೂರ್ತಿ ಕನ್ನಡಕ್ಕೆ ತನ್ನಿ. ಉಳಿದದ್ದನ್ನು ಬೇಕಾದಷ್ಟು ಚಿಕ್ಕದು ಮಾಡಿ.

ಯಾಕೆಂದರೆ ಆದೇಶಕ್ಕಿಂತ ಮೊದಲಿನ ಪುಟಗಳಲ್ಲಿ ಎರಡೂ ಕಡೆಯ ವಕೀಲರ ವಾದವನ್ನು ನ್ಯಾಯಾಧೀಶರು ಬರೆದಿರುತ್ತಾರೆ. "ಜಮೀನು ಅರ್ಜಿದಾರರದ್ದೇ" ಎಂಬ ಸಾಲು ಕಂಡರೆ ಅದು ಬರೀ ವಾದ ಇರಬಹುದು, ಕೋರ್ಟಿನ ಮಾತಲ್ಲ.

ಒಂದು ಉದಾಹರಣೆ. ಆದೇಶ ಹೀಗಿದೆ ಅಂದುಕೊಳ್ಳಿ: ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಅವರ ಒಕ್ಕಲೆಬ್ಬಿಸುವ ಆದೇಶ ರದ್ದು, ಪ್ರಕರಣ ಮರುವಿಚಾರಣೆಗೆ ವಾಪಸ್, ದೃಢೀಕೃತ ನಕಲು ತಲುಪಿದ 8 ವಾರದೊಳಗೆ ತೀರ್ಮಾನ, ಅಲ್ಲಿಯವರೆಗೆ ಯಥಾಸ್ಥಿತಿ.

"ರದ್ದು" ಅಂದ ಕೂಡಲೇ ಊರಲ್ಲಿ "ಗೆದ್ವಿ" ಅಂತ ಸುದ್ದಿ ಹಬ್ಬುತ್ತದೆ. ನಾನು ಹೀಗೆ ಬರೆಯುತ್ತೇನೆ:

"ಎ.ಸಿ. ಮಾಡಿದ್ದ ಆದೇಶ ಬಿದ್ದುಹೋಗಿದೆ. ಜಮೀನು ಯಾರದ್ದು ಅಂತ ಕೋರ್ಟ್ ಹೇಳಿಲ್ಲ. ಎ.ಸಿ. ನಮ್ಮ ಮಾತು ಕೇಳಿ ಮತ್ತೆ ತೀರ್ಮಾನಿಸಬೇಕು. ಅದು ನಮ್ಮ ವಿರುದ್ಧವೂ ಬರಬಹುದು. 8 ವಾರದ ಲೆಕ್ಕ ಇವತ್ತಿನಿಂದಲ್ಲ, ನಕಲು ಎ.ಸಿ. ಕಚೇರಿಗೆ ತಲುಪಿದ ದಿನದಿಂದ. ಅಲ್ಲಿಯವರೆಗೆ ಜಮೀನು ಈಗ ಹೇಗಿದೆಯೋ ಹಾಗೇ ಇರಬೇಕು: ಅವರು ಎಬ್ಬಿಸುವಂತಿಲ್ಲ, ನಾವು ಹೊಸದಾಗಿ ಕಟ್ಟುವಂತಿಲ್ಲ."

ನಕಲು ಕೊಟ್ಟು ಸ್ವೀಕೃತಿ ಪಡೆಯದೆ ಸುಮ್ನೆ ಕೂತರೆ ಆ ಲೆಕ್ಕ ಶುರುವೇ ಆಗದಿರಬಹುದು. ಹಾಗಾಗಿ 8 ವಾರದ ಲೆಕ್ಕದ ಸಾಲನ್ನು ದಪ್ಪಕ್ಷರದಲ್ಲಿ ಬರೆಯಿರಿ.

"ಮಾಡಬೇಕು" ಮತ್ತು "ಪರಿಗಣಿಸಬೇಕು" ಬೇರೆ ಬೇರೆ. ಪರಿಹಾರ "ಪರಿಗಣಿಸಿ" ಅಂದಿದ್ದರೆ "ಕೊಡಿ" ಅಂತ ಬರೆಯಬೇಡಿ. ಹಂಚುವ ಮೊದಲು ನಿಮ್ಮ ವಕೀಲರ ಎದುರು ಮೂಲದ ಜೊತೆ ಸಾಲು ಸಾಲಾಗಿ ಓದಿ ನೋಡಿ.