ಗೆದ್ದ ಕಾಲ್ ಕೂಡ ತಪ್ಪಾಗಿರಬಹುದೇ?

ಪ್ರಶ್ನೆ: ಗೆಳೆಯರ ಜೊತೆ ಮನೆಯಲ್ಲಿ ಚಿಪ್ಸ್ ಇಟ್ಟುಕೊಂಡು ಟೆಕ್ಸಾಸ್ ಹೋಲ್ಡೆಮ್ ಆಡುತ್ತೇವೆ. ನನ್ನ ಕೈಯಲ್ಲಿ ಆಟೀನ್ 10 ಮತ್ತು ಆಟೀನ್ 9 ಇದ್ದವು. ಮೇಜಿನ ಮೇಲೆ ಆಟೀನ್ ರಾಜ, ಆಟೀನ್ 4, ಇಸ್ಪೀಟ್ 7, ನಾಲ್ಕನೆಯ ಎಲೆಯಾದ ಟರ್ನ್‌ನಲ್ಲಿ ಕ್ಲಾವರ್ 2 ಬಂತು. ಮೇಜಿನ ನಡುವೆ ಸೇರಿದ ಚಿಪ್ಸ್, ಅಂದರೆ ಪಾಟ್‌ನಲ್ಲಿ 600 ಇತ್ತು. ಎದುರಾಳಿ 300 ಬೆಟ್ ಮಾಡಿದ, ಅವನ ಬಳಿ ಇನ್ನು 250 ಉಳಿದಿತ್ತು. ಐದು ಆಟೀನ್ ಸೇರಿ ಫ್ಲಶ್ ಆಗುವ ಸಾಧ್ಯತೆ ಶೇ 35 ಎಂದು ಓದಿದ್ದೆ. 900ಕ್ಕೆ 300 ಎಂದರೆ ಶೇ 33, ಆದ್ದರಿಂದ ನಾನೂ 300 ಹಾಕಿ ಕಾಲ್ ಮಾಡಿದೆ. ಕೊನೆಯ ಎಲೆಯಾದ ರಿವರ್‌ನಲ್ಲಿ ಆಟೀನ್ ಬಂದು ಗೆದ್ದೆ. ಆದರೂ ಒಬ್ಬ ಗೆಳೆಯ ‘ಅದು ತಪ್ಪು ಕಾಲ್’ ಎನ್ನುತ್ತಾನೆ. ಗೆದ್ದ ಮೇಲೆ ತಪ್ಪು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಗೆಳೆಯರ ಮಾತು ಸರಿ. ನೀವು ಹಿಡಿದ ದಾರಿಯೂ ಸರಿಯೇ: ಗೆಲ್ಲುವ ಸಾಧ್ಯತೆಯನ್ನು ತೆರಬೇಕಾದ ಬೆಲೆಯೊಂದಿಗೆ ಹೋಲಿಸಿದಿರಿ. ಆದರೆ ಹೋಲಿಸಿದ ಎರಡೂ ಅಂಕಿಗಳು ತಪ್ಪಾಗಿದ್ದವು.

ಮೊದಲು ಆ ಶೇ 35. ಅದು ಮೇಜಿನ ಮೇಲೆ ಮೊದಲ ಮೂರು ಎಲೆಗಳು ಬೀಳುವ ಫ್ಲಾಪ್‌ನಲ್ಲಿ ನಿಂತು, ಇನ್ನೂ ಎರಡು ಎಲೆಗಳು ಬರಲಿರುವಾಗ ಹೇಳುವ ಲೆಕ್ಕ. ನೀವು ಟರ್ನ್‌ನಲ್ಲಿದ್ದಿರಿ, ಬರಬೇಕಾದದ್ದು ಒಂದೇ ಎಲೆ. 52 ಎಲೆಗಳಲ್ಲಿ ನಿಮ್ಮ ಎರಡು, ಮೇಜಿನ ನಾಲ್ಕು ಕಳೆದರೆ ನಿಮಗೆ ಕಾಣದ ಎಲೆಗಳು 46. ಹದಿಮೂರು ಆಟೀನ್‌ಗಳಲ್ಲಿ ನಾಲ್ಕು ಕಂಡಿವೆ, ಉಳಿದವು ಒಂಬತ್ತು. ಈ ಒಂಬತ್ತೇ ನಿಮ್ಮನ್ನು ಗೆಲ್ಲಿಸುವ ಎಲೆಗಳು, ಅಂದರೆ ನಿಮ್ಮ ಔಟ್ಸ್. ಇನ್ನೊಂದು 10 ಅಥವಾ 9 ಬಂದು ಜೋಡಿಯಾದರೂ ಎದುರಾಳಿಯ ಬಳಿ ಇರಬಹುದಾದ ರಾಜನ ಜೋಡಿಯನ್ನು ಅದು ಸೋಲಿಸುವುದಿಲ್ಲ, ಹಾಗಾಗಿ ಅವನ್ನು ಸೇರಿಸುವಂತಿಲ್ಲ. 46ರಲ್ಲಿ 9 ಎಂದರೆ ಶೇ 20ಕ್ಕೂ ತುಸು ಕಡಿಮೆ. ಮೇಜಿನ ಮುಂದೆ ಕುಳಿತು ಭಾಗಾಕಾರ ಕಷ್ಟವಾದರೆ ಔಟ್ಸ್ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಅದಕ್ಕೆ ಒಂದೆರಡು ಸೇರಿಸಿ. ಒಂದು ಎಲೆಯ ಮಟ್ಟಿಗೆ ಸಾಧ್ಯತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಶೇ 35 ಯಾವಾಗ ನಿಜವೆಂದರೆ, ಫ್ಲಾಪ್‌ನಲ್ಲೇ ಎಲ್ಲ ಚಿಪ್ಸ್ ಒಳಗೆ ಹೋದಾಗ. ಪಾಟ್ 300 ಇದ್ದು, ಎದುರಾಳಿ ತನ್ನ ಬಳಿಯಿದ್ದ ಕೊನೆಯ 300 ಅನ್ನೂ ಫ್ಲಾಪ್‌ನಲ್ಲೇ ಹಾಕಿದ್ದರೆ, ನೀವು 300 ಕೊಟ್ಟು ಎರಡೂ ಎಲೆಗಳನ್ನು ನೋಡುತ್ತಿದ್ದಿರಿ. ಅಲ್ಲಿ ಬೇಕಾಗುವುದು ಶೇ 33, ನಿಮ್ಮಲ್ಲಿರುವುದು ಶೇ 35. ಆ ಕಾಲ್ ಸಣ್ಣ ಲಾಭದ್ದು. ಟರ್ನ್‌ನಲ್ಲಿ ಮತ್ತೆ ಬೆಟ್ ಬರುವಂತಿದ್ದರೆ ಮಾತ್ರ ಎರಡನೆಯ ಎಲೆಗೆ ಬೇರೆ ಬೆಲೆ ಕಟ್ಟಲೇಬೇಕು. ಹೊಸದಾಗಿ ಲೆಕ್ಕ ಕಲಿತವರು ಹೆಚ್ಚು ಚಿಪ್ಸ್ ಕಳೆದುಕೊಳ್ಳುವುದು ಈ ಒಂದು ಗೊಂದಲದಲ್ಲೇ ಎಂಬುದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ಶೇ 33. ನೀವು 300 ಅನ್ನು 900ರಿಂದ ಭಾಗಿಸಿದಿರಿ. ಆದರೆ ನೀವು ಕಾಲ್ ಮಾಡಿದ ಮೇಲೆ ಪಾಟ್ 900 ಅಲ್ಲ, 1200. ಗೆದ್ದವನು ಎತ್ತಿಕೊಳ್ಳುವುದು ಆ 1200 ಅನ್ನು. ಅದರಲ್ಲಿ ನಿಮ್ಮ ಪಾಲು 300, ಅಂದರೆ ಶೇ 25. ನಾಲ್ಕು ಬಾರಿಗೆ ಒಮ್ಮೆ ಗೆದ್ದರೆ ಅಸಲು ಕೈಗೆ ಬರುತ್ತದೆ. ಈ ತಪ್ಪು ನಿಮ್ಮ ಬೆಲೆಯನ್ನು ಇದ್ದದ್ದಕ್ಕಿಂತ ದುಬಾರಿಯಾಗಿ ತೋರಿಸಿತ್ತು, ಮೊದಲ ತಪ್ಪು ನಿಮ್ಮ ಸಾಧ್ಯತೆಯನ್ನು ಅದಕ್ಕಿಂತ ಹೆಚ್ಚು ಉಬ್ಬಿಸಿತ್ತು. ನಿಜವಾದ ಹೋಲಿಕೆ ಶೇ 25 ಮತ್ತು ಶೇ 20ರ ನಡುವಿನದು.

ಆ ಐದು ಅಂಶಗಳ ಅಂತರ ಎಷ್ಟು ಚಿಪ್ಸ್ ತಿನ್ನುತ್ತದೆ ಎಂಬುದನ್ನು ನೋಡಲು, ಇದೇ ಸನ್ನಿವೇಶ 46 ಸಲ ಬಂದು, ಕಾಣದ ಪ್ರತಿಯೊಂದು ಎಲೆಯೂ ಒಮ್ಮೊಮ್ಮೆ ರಿವರ್‌ನಲ್ಲಿ ಬಿತ್ತು ಎಂದುಕೊಳ್ಳಿ. ಒಂಬತ್ತು ಸಲ ಗೆದ್ದು ತಲಾ 900ರಂತೆ 8,100 ಪಡೆಯುತ್ತೀರಿ. ಮೂವತ್ತೇಳು ಸಲ ಸೋತು ತಲಾ 300ರಂತೆ 11,100 ಕಳೆಯುತ್ತೀರಿ. ಒಟ್ಟು ನಷ್ಟ 3,000. ಅಂದರೆ ಪ್ರತಿ ಕಾಲ್‌ಗೆ ಸರಾಸರಿ 65 ಚಿಪ್ಸ್ ಹೋಗುತ್ತವೆ. ನೀವು ಗೆದ್ದ ಆ ಕೈ ಈ ಒಂಬತ್ತರಲ್ಲಿ ಒಂದು. ಪಾಟ್‌ಗೆ ನೀವು ಮೊದಲೇ ಹಾಕಿದ್ದ ಚಿಪ್ಸ್ ಎಷ್ಟೇ ಇರಲಿ, ಅವು ಈ ಲೆಕ್ಕದಲ್ಲಿ ಬೇರೆಯಾಗಿ ಬರುವುದಿಲ್ಲ. ಪಾಟ್ ಸೇರಿದ ಮೇಲೆ ಅವು ನಿಮ್ಮವಲ್ಲ.

‘ಫ್ಲಶ್ ಆದ ಮೇಲೆ ರಿವರ್‌ನಲ್ಲಿ ಇನ್ನಷ್ಟು ಗೆಲ್ಲುತ್ತೇನಲ್ಲ’ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. 3,000ದ ಕೊರತೆಯನ್ನು ಗೆಲ್ಲುವ ಒಂಬತ್ತು ಸಲಗಳಿಗೆ ಹಂಚಿದರೆ, ಪ್ರತಿ ಗೆಲುವಿನಲ್ಲೂ ಸರಾಸರಿ ಇನ್ನೂ 334 ಚಿಪ್ಸ್ ಬರಬೇಕು. ನಿಮ್ಮ ಎದುರಾಳಿಯ ಬಳಿ ಉಳಿದಿದ್ದದ್ದೇ 250. ಪ್ರತಿ ಸಲವೂ ಅವನು ಅಷ್ಟನ್ನೂ ಕೊಟ್ಟರೂ ಲೆಕ್ಕ ಸರಿಹೋಗುವುದಿಲ್ಲ. ಅವನ ಬಳಿ ಸಾವಿರವಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತು. ಆಗಲೂ ಮೂರನೆಯ ಆಟೀನ್ ಮೇಜಿನ ಮೇಲೆ ಬಿದ್ದದ್ದು ಅವನಿಗೂ ಕಾಣುತ್ತದೆ. ಎರಡು ಸಲಕ್ಕೊಮ್ಮೆ ಅವನು ಎಲೆ ಕೆಳಗಿಟ್ಟು ಫೋಲ್ಡ್ ಮಾಡುವವನಾದರೆ, ಕಾಲ್ ಮಾಡಿದಾಗ ಅವನಿಂದ 667 ಬರಬೇಕಾಗುತ್ತದೆ.

ಹಾಗಾದರೆ ಎಷ್ಟರವರೆಗಿನ ಬೆಟ್‌ಗೆ ಕಾಲ್ ಮಾಡಬಹುದಿತ್ತು? 600ರ ಪಾಟ್‌ನಲ್ಲಿ, ಒಂಬತ್ತು ಔಟ್ಸ್ ಇರುವಾಗ, ಮುಂದಿನ ಗಳಿಕೆಯನ್ನು ಬಿಟ್ಟರೆ ಗಡಿ 193ರ ಹತ್ತಿರ ಇದೆ, ಅಂದರೆ ಪಾಟ್‌ನ ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅವನು 150 ಹಾಕಿದ್ದರೆ ನಿಮಗೆ ಬೇಕಾಗುತ್ತಿದ್ದದ್ದು 900ರಲ್ಲಿ 150, ಶೇ 17ಕ್ಕೂ ಕಡಿಮೆ. ಆ ಕಾಲ್‌ನಿಂದ ಸರಾಸರಿ 26 ಚಿಪ್ಸ್ ಲಾಭ. ಇದು ನಿಮ್ಮ ಮನೆಯ ಆಟದ ಲೆಕ್ಕ. ಗೋವಾದ ಕ್ಯಾಸಿನೊಗಳಂತಹ ಕಡೆ ಪಾಟ್‌ನಿಂದ ರೇಕ್ ಎಂದು ಒಂದು ಪಾಲನ್ನು ಕಳೆಯುತ್ತಾರೆ. ಆಗ ಈ ಗಡಿ ಇನ್ನೂ ಕೆಳಗೆ ಇಳಿಯುತ್ತದೆ.

ಒಂದು ಎಚ್ಚರಿಕೆ ಬಾಕಿ ಇದೆ. ಒಂಬತ್ತು ಆಟೀನ್‌ಗಳೂ ನಿಮ್ಮನ್ನು ಗೆಲ್ಲಿಸುತ್ತವೆ ಎಂದು ಇಲ್ಲಿಯವರೆಗೆ ಒಪ್ಪಿಕೊಂಡಿದ್ದೆವು. ಎದುರಾಳಿಯ ಕೈಯಲ್ಲಿ ರಾಜ ಇದ್ದು, ಅವನದು ಬರೀ ಒಂದು ಜೋಡಿಯಾಗಿದ್ದರೆ ಅದು ನಿಜ. ಅವನ ಕೈಯಲ್ಲಿ ಎರಡು ಏಳುಗಳಿದ್ದರೆ? ಮೇಜಿನ ಏಳು ಸೇರಿ ಮೂರು ಏಳು ಆಗಲೇ ಆಗಿವೆ. ಆಟೀನ್ 2 ಬಂದರೆ ನಿಮಗೆ ಫ್ಲಶ್ ಆಗುತ್ತದೆ, ಆದರೆ ಮೇಜಿನ ಮೇಲೆ ಎರಡರ ಜೋಡಿಯಾಗಿ ಅವನಿಗೆ ಫ್ಲಶ್‌ಗಿಂತ ದೊಡ್ಡದಾದ ಫುಲ್ ಹೌಸ್ ಆಗುತ್ತದೆ. ಆಟೀನ್ 7 ಒಂದೋ ಅವನ ಕೈಯಲ್ಲೇ ಇದೆ, ಇಲ್ಲವೇ ಬಂದರೆ ಅವನಿಗೆ ನಾಲ್ಕು ಏಳು. ಆಗ ಅವನ ಎರಡು ಏಳುಗಳನ್ನೂ ಕಳೆದು ಉಳಿದ 44 ಎಲೆಗಳಲ್ಲಿ ನಿಮ್ಮ ನಿಜವಾದ ಔಟ್ಸ್ ಏಳು, ಬೆಟ್‌ನ ಗಡಿ 193ರಿಂದ 140ಕ್ಕೆ ಕುಸಿಯುತ್ತದೆ. ಅವನ ಬಳಿ ಆಟೀನ್ ಎಕ್ಕ ಮತ್ತು ಇನ್ನೊಂದು ಆಟೀನ್ ಇದ್ದರಂತೂ ಯಾವ ಆಟೀನ್ ಬಂದರೂ ಅವನ ಫ್ಲಶ್ಸೇ ದೊಡ್ಡದು, ನೀವು ಕೊಟ್ಟದ್ದೆಲ್ಲ ಹೋಯಿತು.

ಆದ್ದರಿಂದ ಇದೇ ಪಾಟ್‌ನಲ್ಲಿ 140ರ ಒಳಗಿನ ಬೆಟ್‌ಗೆ ಹೆಚ್ಚು ಯೋಚಿಸದೆ ಕಾಲ್ ಮಾಡಿ. 193 ದಾಟಿದರೆ, ಅವನ ಬಳಿ ಉಳಿದ ಚಿಪ್ಸ್ ಆ ವ್ಯತ್ಯಾಸವನ್ನು ತುಂಬುವಂತಿಲ್ಲದಿದ್ದರೆ ಫೋಲ್ಡ್ ಮಾಡಿ. ನಡುವಿನ ಮೊತ್ತಕ್ಕೆ ಗಣಿತದ ಜೊತೆ ಆ ಮನುಷ್ಯನ ಆಟವೂ ಗೊತ್ತಿರಬೇಕು: ಒಂದು ಜೋಡಿ ಹಿಡಿದು ಟರ್ನ್‌ನಲ್ಲಿ ಮತ್ತೆ ಬೆಟ್ ಮಾಡುವವನೋ, ಇಲ್ಲ ಮೂರು ಏಳುಗಳಂಥ ಕೈ ಇದ್ದಾಗ ಮಾತ್ರ ಮಾಡುವವನೋ ಎಂಬುದನ್ನು ಅವನು ಹಿಂದಿನ ಕೈಗಳಲ್ಲಿ ಕೊನೆಗೆ ತೋರಿಸಿದ ಎಲೆಗಳಿಂದ ತಿಳಿದುಕೊಳ್ಳಬಹುದು.