ಮೂಲೆಯ ಸೊನ್ನೆ ಮತ್ತು 2 ಮಿಲಿಮೀಟರ್ ತಪ್ಪಿದ ತೂತು

ಪ್ರಶ್ನೆ: ಸರ್, ನಾನು ಶಿರಸಿ ಹತ್ತಿರ ಒಂದು ವರ್ಕ್‌ಶಾಪಿನಲ್ಲಿ ಫಿಟರ್. ಅಡಿಕೆ ಸುಲಿಯುವ ಯಂತ್ರಕ್ಕೆ ಮೋಟಾರ್ ಕೂರಿಸುವ ಪ್ಲೇಟ್ ಮಾಡಲು ನಕ್ಷೆ ಬಂತು. ಅದರಲ್ಲಿ ತೂತುಗಳ ನಡುವೆ ಅಳತೆಯೇ ಇಲ್ಲ, ಪಕ್ಕದಲ್ಲಿ ಎಕ್ಸ್, ವೈ ಅಂತ ಒಂದು ಪಟ್ಟಿ ಮಾತ್ರ ಇದೆ. ನೋಡಿಕೊಂಡೇ ಡ್ರಿಲ್ ಮಾಡಿದೆ. ಮೋಟಾರ್ ಸರಿಯಾಗಿ ಕೂತಿತು. ಎಡಗಡೆ ಎರಡು ಬೋಲ್ಟೂ ಇಳಿದವು. ಬಲಗಡೆಯ ಎರಡು ಮಾತ್ರ ಫ್ರೇಮಿನ ತೂತಿಗಿಂತ 2 ಮಿ.ಮೀ. ಹೊರಗೆ ಹೋಗಿವೆ. ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಕಡೆ ಸಮ ಬರುತ್ತದೆ. ಪಟ್ಟಿಯೇ ತಪ್ಪಿರಬಹುದೇ?

ಉತ್ತರ: ಪಟ್ಟಿ ಸರಿಯಾಗಿಯೇ ಇದೆ. ಮೊದಲು ನಿಮ್ಮ ಪ್ಲೇಟಿನ ಉದ್ದ ಅಳೆಯಿರಿ. ನಕ್ಷೆಯಲ್ಲಿ 300 ಇದೆ. ನಿಮ್ಮದು 302 ಇರಬೇಕು ಎಂದು ನನ್ನ ಅಂದಾಜು. ಯಾಕೆ ಹಾಗೆ ಅನಿಸಿತು ಎಂಬುದಕ್ಕೆ ನೀವು ಕಳಿಸಿದ ನಕ್ಷೆಯ ಐದು ಸಾಲು ಸಾಕು:

| ತೂತು | ಎಕ್ಸ್ | ವೈ | ಅಳತೆ |
|---|---|---|---|
| ಎ1 | 20 | 20 | 11 ವ್ಯಾಸ, ಆರಪಾರ |
| ಎ2 | 280 | 20 | 11 ವ್ಯಾಸ, ಆರಪಾರ |
| ಬಿ1 | 60 | 30 | ಎಂ8 ಟ್ಯಾಪ್ |
| ಬಿ2 | 185 | 30 | ಎಂ8 ಟ್ಯಾಪ್ |
| ಸಿ1 | 240 | 80 | 20 ವ್ಯಾಸ, ಆರಪಾರ |

ಚಿತ್ರದಲ್ಲಿ ಎಡಗಡೆ ಕೆಳಮೂಲೆಯ ಹತ್ತಿರ ಸೊನ್ನೆಯ ಗುರುತು ಇದೆ. ಅಲ್ಲಿಂದ ಬಲಕ್ಕೆ ಹೋದಷ್ಟು ಎಕ್ಸ್, ಮೇಲಕ್ಕೆ ಹೋದಷ್ಟು ವೈ. ಎ2 ಎಂದರೆ ಎಡ ಅಂಚಿನಿಂದ 280 ಬಲಕ್ಕೆ, ಕೆಳ ಅಂಚಿನಿಂದ 20 ಮೇಲಕ್ಕೆ, ಅಲ್ಲಿ ತೂತಿನ ನಡುಬಿಂದು. ಮುಂದಿರುವ ಅಕ್ಷರ ತೂತಿನ ಜಾತಿ ಹೇಳುತ್ತದೆ. ಎ ಎಂದಿರುವುದೆಲ್ಲ ಫ್ರೇಮಿನ ಬೋಲ್ಟಿಗೆ, ಒಂದೇ ಬಿಟ್ಟಿನ ಕೆಲಸ. ಬಿ ಸಾಲಿನಲ್ಲಿ ಎಂ8 ಎಂದಿರುವುದರಿಂದ ಅಲ್ಲಿ 6.8ರ ಬಿಟ್ ಹಾಕಿ ಆಮೇಲೆ ಟ್ಯಾಪ್ ಹೊಡೆಯಬೇಕು. ಅದನ್ನು ನೀವು ಸರಿಯಾಗಿ ಮಾಡಿದ್ದಕ್ಕೇ ಮೋಟಾರ್ ಕೂತಿತು.

ಈಗ ಬಲಗಡೆಯ ತೂತು. 280 ಅಳೆಯಲು ಎಡ ಅಂಚು ದೂರ, ಬಲ ಅಂಚು ಹತ್ತಿರ. 300ರಲ್ಲಿ 280 ಕಳೆದರೆ 20. ಸಣ್ಣ ಸ್ಕೇಲ್ ಕೈಯಲ್ಲಿರುವಾಗ ಬಲ ಅಂಚಿನಿಂದ 20 ಹಿಡಿದು ಗೆರೆ ಹಾಕುವುದು ಸಹಜ. ಪ್ಲೇಟ್ ಕರಾರುವಾಕ್ಕಾಗಿ 300 ಇದ್ದಿದ್ದರೆ ತಪ್ಪೂ ಆಗುತ್ತಿರಲಿಲ್ಲ. ಆದರೆ ಕಟಿಂಗ್ ಮಾಡುವವರು ಒಂದೆರಡು ಮಿ.ಮೀ. ಹೆಚ್ಚು ಬಿಟ್ಟು ಕೊಡುವುದುಂಟು. 302ರ ಪ್ಲೇಟಿನಲ್ಲಿ ಬಲದಿಂದ 20 ಎಂದರೆ ಎಡದಿಂದ 282. ಎ2, ಅದರ ನೇರ ಮೇಲಿನ ಎ3 ಎರಡೂ ಒಂದೇ ದಿಕ್ಕಿಗೆ, ಒಂದೇ 2 ಮಿ.ಮೀ. ಸರಿದದ್ದು ಇದಕ್ಕೇ. ಕೈತಪ್ಪಿ ಪಂಚ್ ಜಾರಿದ್ದರೆ ಎರಡೂ ಹೀಗೆ ಜೊತೆಯಾಗಿ ಸರಿಯುತ್ತಿರಲಿಲ್ಲ. ಕೇಬಲ್ ಹೋಗುವ ಸಿ1 ತೂತನ್ನೂ ಎಡ ಅಂಚಿನಿಂದ ಅಳೆದು ನೋಡಿ. ಅದನ್ನೂ ಬಲದಿಂದ 60 ಎಂದು ಹಿಡಿದಿದ್ದರೆ 240ರ ಬದಲು 242 ಸಿಗುತ್ತದೆ.

ಮೂಲೆಯಿಂದ ಮೂಲೆಗೆ ಸಮ ಬಂದದ್ದು ನಿಮ್ಮನ್ನು ದಾರಿ ತಪ್ಪಿಸಿದೆ. ಹೀಗೆ ಸಮ ಬಂದರೆ ತೂತುಗಳ ಚೌಕ ವಾರೆಯಾಗಿಲ್ಲ ಎಂದಷ್ಟೇ ಗೊತ್ತಾಗುತ್ತದೆ, ಅಗಲ ಸರಿಯಿದೆ ಎಂದಲ್ಲ. ಎ ತೂತುಗಳ ನಡುವೆ ಇರಬೇಕಾದದ್ದು 260 ಮತ್ತು 120. ಅದರ ಕರ್ಣ 286.4. ನಿಮ್ಮಲ್ಲಿ 262 ಮತ್ತು 120 ಆಗಿರುವುದರಿಂದ ಎರಡೂ ಕರ್ಣ 288.2 ಬರುತ್ತವೆ. ಪರಸ್ಪರ ಸಮ, ಆದರೂ ತಪ್ಪು. ಹಾಗಾಗಿ ಪಟ್ಟಿಯ ಅಂಕಿಗಳನ್ನು ಕಳೆದು, ಇರಬೇಕಾದ ದೂರ ಎಷ್ಟೆಂದು ಮೊದಲೇ ಬರೆದಿಟ್ಟುಕೊಂಡು ಅದಕ್ಕೆ ಹೋಲಿಸಬೇಕು. ಒಂದೇ ಅಳತೆಯ ಎರಡು ತೂತಾದರೆ ನಡುಬಿಂದು ಹುಡುಕುವುದೂ ಬೇಡ. ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಟೇಪ್ ಹಿಡಿದರೆ ನಡುವಿನ ದೂರವೇ ಸಿಗುತ್ತದೆ. ಬಿ1, ಬಿ2 ನಡುವೆ 185ರಲ್ಲಿ 60 ಕಳೆದು 125. ಬಿ1ರಿಂದ ಅದರ ನೇರ ಮೇಲಿನ ಬಿ4ಕ್ಕೆ 100. ಅದು 80ರ ಫ್ರೇಮ್ ಸೈಜಿನ ಮೋಟಾರಿನ ಕಾಲಿನ ಅಳತೆಯೇ. ಡ್ರಿಲ್ ಮುಟ್ಟುವ ಮೊದಲೇ ಪಟ್ಟಿಯನ್ನು ಹೀಗೆ ಮೋಟಾರಿಗೆ ತಾಳೆ ನೋಡಬಹುದು.

ಮುಂದಿನ ಪ್ಲೇಟಿಗೆ ಕ್ರಮ ಹೀಗಿರಲಿ. ಸೊನ್ನೆಯ ಮೂಲೆಗೆ ಕೂಡುವ ಎರಡು ಅಂಚುಗಳನ್ನು ಮಾತ್ರ ಅರ ಹಾಕಿ ನೇರ ಮಾಡಿ, ಟ್ರೈ ಸ್ಕ್ವೇರ್ ಹಿಡಿದು ಒಂದಕ್ಕೊಂದು ಲಂಬ ಇದೆಯೇ ನೋಡಿ. ಉಳಿದೆರಡು ಅಂಚು ಹೇಗಿದ್ದರೂ ತೂತಿಗೆ ಸಂಬಂಧವಿಲ್ಲ. ಹೈಟ್ ಗೇಜ್ ಇದ್ದರೆ ಪ್ಲೇಟನ್ನು ಕೆಳ ಅಂಚಿನ ಮೇಲೆ ಸರ್ಫೇಸ್ ಪ್ಲೇಟಿನಲ್ಲಿ ನಿಲ್ಲಿಸಿ, ಆಂಗಲ್ ಪ್ಲೇಟಿಗೆ ಒರಗಿಸಿ, ವೈ ಕಾಲಮ್ಮಿನ ಗೆರೆಗಳನ್ನೆಲ್ಲ ಒಮ್ಮೆಗೇ ಎಳೆಯಿರಿ. ಆಮೇಲೆ ಎಡ ಅಂಚಿನ ಮೇಲೆ ನಿಲ್ಲಿಸಿ ಎಕ್ಸ್ ಗೆರೆಗಳು. ಗೇಜ್ ಇಲ್ಲದಿದ್ದರೆ 300ರ ಉಕ್ಕಿನ ಸ್ಕೇಲ್ ಸಾಕು, ಆದರೆ ಸ್ಕೇಲಿನ ಸೊನ್ನೆ ಕೊನೆಯವರೆಗೂ ಅದೇ ಅಂಚಿನಲ್ಲಿರಲಿ. ಬಿ1ರಿಂದ ಬಿ2, ಬಿ2ರಿಂದ ಸಿ1 ಎಂದು ಒಂದರಿಂದ ಒಂದಕ್ಕೆ ಅಳೆಯುತ್ತ ಹೋಗಬೇಡಿ. ಪ್ರತಿ ಸಲದ ಅರ್ಧ ಮಿ.ಮೀ. ತಪ್ಪು ಕೂಡುತ್ತ ಹೋಗುತ್ತದೆ. ಎಲ್ಲ ಅಳತೆಯೂ ಒಂದೇ ಸೊನ್ನೆಯಿಂದ ಬಂದರೆ ಒಂದು ತೂತಿನ ತಪ್ಪು ಅದರಲ್ಲೇ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಪ್ಲೇಟ್ ಮಗುಚಿದರೆ ಕೆಲಸ ಕೆಡುತ್ತದೆ. ಕಾರವಾರದ ಬೈತಖೋಲದಲ್ಲಿ ಒಂದು ದೋಣಿಯ ಪಂಪಿಗೆ ಪ್ಲೇಟ್ ಮಾಡುವಾಗ ನನಗೇ ಹೀಗಾಯಿತು. ಒಂದು ಮುಖದಲ್ಲಿ ತುಕ್ಕು ಹಿಡಿದಿತ್ತು, ಗೆರೆ ಕಾಣಲಿ ಎಂದು ಮಗುಚಿ ನುಣುಪು ಮುಖದಲ್ಲಿ ಮಾರ್ಕಿಂಗ್ ಮಾಡಿದೆ. ಮಗುಚಿದಾಗ ಸೊನ್ನೆಯ ಮೂಲೆ ಬಲಕ್ಕೆ ಹೋಗಿತ್ತು, ನಾನು ಎಡದಿಂದಲೇ ಅಳೆದೆ. ನಾಲ್ಕು ಮೂಲೆಯ ತೂತುಗಳು ಎರಡೂ ಕಡೆ ಸಮಾನ ಇದ್ದದ್ದರಿಂದ ಅವು ಕೂಡಿದವು, ಒಳಗಿನವು ಕನ್ನಡಿಯಲ್ಲಿ ಕಂಡಂತೆ ಆಚೆ ಬದಿಗೆ ಹೋಗಿದ್ದವು. ದೋಣಿ ಎರಡು ದಿನ ದಡದಲ್ಲೇ ನಿಂತಿತು. ಆವತ್ತಿನಿಂದ ಪ್ಲೇಟ್ ಕೈಗೆ ಬಂದ ಕೂಡಲೇ ನಕ್ಷೆಯಲ್ಲಿ ಕಾಣುವ ಮುಖದಲ್ಲಿ, ಸೊನ್ನೆಯ ಮೂಲೆಗೆ ಒಂದು ಪಂಚ್ ಚುಕ್ಕೆ ಹಾಕುತ್ತೇನೆ. ನಿಮ್ಮ ಪ್ಲೇಟಿನಲ್ಲೂ ಎ ತೂತುಗಳು ಸಮಾನವಾಗಿವೆ, ಅವನ್ನು ನಂಬಬೇಡಿ. ಸಿ1 ಮೋಟಾರಿನ ಬಲಕ್ಕೆ ಬಿದ್ದಿದೆಯೇ ನೋಡಿ.

ಪಟ್ಟಿಗೂ ಒಂದು ಮಿತಿ ಇದೆ. ನಿಮ್ಮ ನಕ್ಷೆಯ ಕೆಳಗೆ ±0.2 ಎಂದಿದೆ. ಅದು ಸೊನ್ನೆಯಿಂದ ಪ್ರತಿ ತೂತಿಗೆ ಕೊಟ್ಟ ಸಡಿಲು. ಬಿ1 59.8ಕ್ಕೆ, ಬಿ2 185.2ಕ್ಕೆ ಬಿದ್ದರೂ ಎರಡೂ ಪಾಸ್, ನಡುವಿನ ದೂರ ಮಾತ್ರ 125.4 ಆಗಿರುತ್ತದೆ. ಮೋಟಾರಿನ ಕಾಲಿನ ತೂತು 10, ಬೋಲ್ಟ್ 8 ಆದ್ದರಿಂದ ಇಲ್ಲಿ ನಡೆಯುತ್ತದೆ. ಬಿಗಿಯಾಗಿ ಕೂರುವ ಡೋವೆಲ್ ಪಿನ್ ಆದರೆ ನಡೆಯದು. ಅಂಥ ಜೋಡಿ ತೂತಿಗೆ ನಡುವಿನ ಅಳತೆಯನ್ನೇ ನೇರ ಬರೆದು ಕೊಡಿ ಎಂದು ನಕ್ಷೆ ಮಾಡಿದವರನ್ನು ಕೇಳಿ. ಕೆಲವರು ಆಗ ಒಂದು ಪಿನ್ನಿನ ತೂತನ್ನೇ ಸೊನ್ನೆ ಮಾಡುತ್ತಾರೆ. ಪಟ್ಟಿಯಲ್ಲಿ -40 ಹೀಗೆ ಋಣ ಅಂಕಿ ಕಂಡರೆ ಆ ತೂತು ಸೊನ್ನೆಯ ಎಡಕ್ಕೋ ಕೆಳಕ್ಕೋ ಇದೆ ಎಂದರ್ಥ.

ಈಗಿನ ಪ್ಲೇಟನ್ನು ಗುಜರಿಗೆ ಹಾಕಬೇಡಿ. 2 ಮಿ.ಮೀ. ಪಕ್ಕದಲ್ಲಿ ಮತ್ತೆ ಡ್ರಿಲ್ ಇಟ್ಟರೆ ಬಿಟ್ ಹಳೆಯ ತೂತಿಗೇ ಜಾರುತ್ತದೆ. ಅದರ ಬದಲು ಗುಂಡು ಅರದಿಂದ ಎ2, ಎ3 ತೂತುಗಳನ್ನು ಎಡಕ್ಕೆ 2 ಮಿ.ಮೀ. ಉದ್ದ ಮಾಡಿ, ಬೋಲ್ಟಿನ ಕೆಳಗೆ ದಪ್ಪ ವಾಷರ್ ಕೊಡಿ. ಪ್ಲೇಟಿನ ಜಾಗವನ್ನು ಎಡಗಡೆಯ ಎರಡು ತೂತು ಹಿಡಿದುಕೊಳ್ಳುತ್ತವೆ, ಬಲಗಡೆಯವಕ್ಕೆ ಬಿಗಿಯುವ ಕೆಲಸ ಅಷ್ಟೇ.